ನಿದ್ದೆಯಿಂದ ಎದ್ದ ಮೇಲೂ ಕಪ್ಪಾಗಿಯೇ ಇರುವ ಮಾನಿಟರ್: ಕೇಬಲ್, ರಿಫ್ರೆಶ್ ದರ, ಪವರ್ ಸೆಟ್ಟಿಂಗ್ – ಯಾವುದರಿಂದ ಎಷ್ಟು ಪ್ರಯೋಜನ?

ಕಂಪ್ಯೂಟರ್ ಸ್ಲೀಪ್‌ಗೆ ಹೋಗಿ ಮತ್ತೆ ಎದ್ದಾಗ ಮಾನಿಟರ್ ಮಾತ್ರ "No Signal" ಎಂದು ತೋರಿಸಿ ಕಪ್ಪಾಗಿಬಿಡುವ ತೊಂದರೆಗೆ ಸಾಮಾನ್ಯವಾಗಿ ಮೂರು ಪರಿಹಾರಗಳನ್ನು ಹೇಳುತ್ತಾರೆ: ಕೇಬಲ್ ಬದಲಿಸುವುದು, ರಿಫ್ರೆಶ್ ದರ ಇಳಿಸುವುದು, ಪವರ್ ಸೆಟ್ಟಿಂಗ್ ತಿದ್ದುವುದು. ಮೂರನ್ನೂ ಒಟ್ಟಿಗೆ ಮಾಡಿದರೆ ತೊಂದರೆ ಹೋದೀತು, ಆದರೆ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಆದ್ದರಿಂದ ನಾನು ಒಂದೊಂದನ್ನೇ ಬದಲಿಸಿ, ಉಳಿದವನ್ನು ಮೊದಲಿನಂತೆಯೇ ಇಟ್ಟು ನೋಡಿದೆ. ಪರೀಕ್ಷೆಗೆ ಒಳಗಾದದ್ದು 27 ಇಂಚಿನ, 2560×1440 ರೆಸಲ್ಯೂಶನ್‌ನ, 165 ಹರ್ಟ್ಸ್‌ನ ಮಾನಿಟರ್. ಅದಕ್ಕೆ ಜೋಡಿಸಿದ್ದು ವಿಂಡೋಸ್ ಇರುವ ಡೆಸ್ಕ್‌ಟಾಪ್. ನಡುವೆ ಇದ್ದದ್ದು ಮೂರು ಮೀಟರ್ ಉದ್ದದ, ಯಾವ ಪ್ರಮಾಣೀಕರಣದ ಗುರುತೂ ಇಲ್ಲದ ಡಿಸ್‌ಪ್ಲೇಪೋರ್ಟ್ ಕೇಬಲ್.

ಪರಿಹಾರಗಳನ್ನು ಹೋಲಿಸುವ ಮೊದಲು ದೋಷ ಎಲ್ಲಿದೆ ಎಂಬುದನ್ನು ಸ್ವಲ್ಪ ಗಮನಿಸಬೇಕು. ಪರದೆ ಕಪ್ಪಾಗಿರುವಾಗ ಕೀಬೋರ್ಡಿನ Caps Lock ಒತ್ತಿದರೆ ಅದರ ದೀಪ ಹೊತ್ತಿ ಆರುತ್ತದೆಯಾದರೆ ಕಂಪ್ಯೂಟರ್ ಎದ್ದಿದೆ ಎಂದೇ ಅರ್ಥ; ದೀಪ ಅಲ್ಲಾಡದಿದ್ದರೆ ಕಂಪ್ಯೂಟರೇ ನಿದ್ದೆಯಿಂದ ಸರಿಯಾಗಿ ಎದ್ದಿಲ್ಲ, ಆಗ ಕೇಬಲ್ ಬದಲಿಸಿ ಫಲವಿಲ್ಲ. ದೀಪ ಕೆಲಸ ಮಾಡುತ್ತಿದ್ದರೆ, ಚಿತ್ರ ಯಾವುದರಿಂದ ಮರಳುತ್ತದೆ ಎಂದು ನೋಡಬೇಕು. Win+Ctrl+Shift+B ಒತ್ತಿದಾಗ ವಿಂಡೋಸ್ ಗ್ರಾಫಿಕ್ಸ್ ಡ್ರೈವರನ್ನು ಹೊಸದಾಗಿ ಆರಂಭಿಸುತ್ತದೆ. ಅದರಿಂದ ಚಿತ್ರ ಬಂದರೆ ಮಾನಿಟರ್ ಸಿದ್ಧವಾಗಿದ್ದು ಕಂಪ್ಯೂಟರ್ ಕಡೆಯ ಸಂಪರ್ಕ ಮಾತ್ರ ತಪ್ಪಿದೆ ಎನ್ನಬಹುದು. ಕೇಬಲ್ ಕಿತ್ತು ಮತ್ತೆ ಚುಚ್ಚಿದಾಗ ಅಥವಾ ಮಾನಿಟರಿನ ಪ್ಲಗ್ ತೆಗೆದು ಹಾಕಿದಾಗ ಮಾತ್ರ ಚಿತ್ರ ಬಂದರೆ, ಮಾನಿಟರಿನ ನಿದ್ದೆಯ ಮೇಲೆಯೇ ಅನುಮಾನ ಪಡಬೇಕು.

ನನ್ನಲ್ಲಿ ಕಂಡದ್ದು ಎರಡು ಬಗೆಯ ವರ್ತನೆ. ಸ್ವಲ್ಪ ಹೊತ್ತಿನ ಸ್ಲೀಪ್ ಆದರೆ ಚಿತ್ರ ಬಂದು, ಒಂದು ಕ್ಷಣ ಕಪ್ಪಾಗಿ, ಮತ್ತೆ ಬಂದು, ಕೆಲವೊಮ್ಮೆ ಪೂರ್ತಿ ಹೋಗಿಬಿಡುತ್ತಿತ್ತು. ರಾತ್ರಿಯಿಡೀ ಮಲಗಿದ್ದರೆ ಚಿತ್ರ ಒಂದು ಕ್ಷಣವೂ ಬರುತ್ತಿರಲಿಲ್ಲ, ಕೇಬಲ್ ಕಿತ್ತು ಹಾಕಿದರೆ ಮಾತ್ರ ಬರುತ್ತಿತ್ತು. ಹೊರಗಿನಿಂದ ಎರಡೂ ಒಂದೇ ತೊಂದರೆಯಂತೆ ಕಾಣುತ್ತವೆ, ಆದರೆ ಇವುಗಳ ಕಾರಣ ಬೇರೆ ಬೇರೆ. ಒಂದೇ ಪರಿಹಾರ ಒಬ್ಬರಿಗೆ ಫಲಿಸಿ ಇನ್ನೊಬ್ಬರಿಗೆ ಫಲಿಸದಿರುವುದಕ್ಕೆ ಇದು ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ.

ಮೊದಲು ಕೇಬಲ್. ಡಿಸ್‌ಪ್ಲೇಪೋರ್ಟ್‌ನಲ್ಲಿ ಚಿತ್ರ ಬರುವ ಮೊದಲು ಕಂಪ್ಯೂಟರ್ ಮತ್ತು ಮಾನಿಟರ್ ನಡುವೆ ಲಿಂಕ್ ಟ್ರೈನಿಂಗ್ ಎಂಬ ಮಾತುಕತೆ ನಡೆಯುತ್ತದೆ: ಎಷ್ಟು ಜೋಡಿ ತಂತಿಗಳಲ್ಲಿ, ಯಾವ ವೇಗದಲ್ಲಿ, ಎಷ್ಟು ವೋಲ್ಟೇಜ್‌ನಲ್ಲಿ ಕಳುಹಿಸಬೇಕೆಂದು ಪರೀಕ್ಷಾ ಸಿಗ್ನಲ್ ಕಳುಹಿಸಿ ನಿರ್ಧರಿಸಲಾಗುತ್ತದೆ. ಡಿಸ್‌ಪ್ಲೇಪೋರ್ಟ್ 1.4ರ ಗರಿಷ್ಠ ವೇಗ ಪ್ರತಿ ಜೋಡಿಗೆ ಸೆಕೆಂಡಿಗೆ 8.1 ಗಿಗಾಬಿಟ್, 1.2ರದು 5.4 ಗಿಗಾಬಿಟ್. ಸ್ಲೀಪ್‌ನಿಂದ ಎದ್ದಾಗ ಈ ಮಾತುಕತೆ ಮೊದಲಿನಿಂದ ನಡೆಯುತ್ತದೆ. ಉದ್ದವಾದ, ಒಳತಂತಿ ಕಳಪೆಯಾದ ಕೇಬಲ್ ಆದರೆ ಒಮ್ಮೆ ಪಾಸಾಗುತ್ತದೆ, ಇನ್ನೊಮ್ಮೆ ಅಂಚಿನಲ್ಲಿ ಸೋಲುತ್ತದೆ. ದಿನವಿಡೀ ಚೆನ್ನಾಗಿರುವ ಪರದೆ ಏಳುವಾಗ ಮಾತ್ರ ತೊಂದರೆ ಕೊಡುವುದಕ್ಕೆ ಇದೊಂದು ಕಾರಣ.

ಹಳೆಯ ಕೇಬಲ್ ತೆಗೆದು, ವೇಸಾ ಸಂಸ್ಥೆಯ DP8K ಗುರುತಿರುವ ಒಂದೂವರೆ ಮೀಟರ್ ಕೇಬಲ್ ಹಾಕಿದ ಮೇಲೆ ಚಿತ್ರ ಬಂದು ಹೋಗಿ ಬರುವ ವರ್ತನೆ ಪೂರ್ತಿ ನಿಂತಿತು. ರಾತ್ರಿಯ ನಿದ್ದೆಯ ನಂತರದ ತೊಂದರೆಯಲ್ಲಿ ಮಾತ್ರ ಯಾವ ಬದಲಾವಣೆಯೂ ಆಗಲಿಲ್ಲ. ಕೇಬಲ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಬರೆದ "1.4" ಎಂಬ ಅಂಕಿಗಿಂತ ಈ ಪ್ರಮಾಣೀಕರಣದ ಗುರುತು ಮತ್ತು ಕಡಿಮೆ ಉದ್ದ ಎರಡೇ ಹೆಚ್ಚು ನಂಬಲರ್ಹ. ಇನ್ನೊಂದು ಮಾತು: ಕಳಪೆ ಡಿಸ್‌ಪ್ಲೇಪೋರ್ಟ್ ಕೇಬಲ್‌ಗಳಲ್ಲಿ 20ನೆಯ ಪಿನ್ ಎರಡೂ ತುದಿಗಳಿಗೆ ಜೋಡಣೆಯಾಗಿರುತ್ತದೆ, ಪ್ರಮಾಣಿತ ಕೇಬಲ್‌ನಲ್ಲಿ ಹಾಗಿರಬಾರದು. ಆ ಪಿನ್ 3.3 ವೋಲ್ಟ್ ವಿದ್ಯುತ್ತಿನದು. ಅದು ಜೋಡಣೆಯಾಗಿದ್ದರೆ ಮಾನಿಟರಿನ ವಿದ್ಯುತ್ ಗ್ರಾಫಿಕ್ಸ್ ಕಾರ್ಡಿಗೆ ಹಿಮ್ಮುಖವಾಗಿ ಹರಿಯಬಹುದು. ಮಲ್ಟಿಮೀಟರ್ ಇದ್ದವರು ಎರಡೂ ತುದಿಗಳ 20ನೆಯ ಪಿನ್‌ಗಳ ನಡುವೆ ಸಂಪರ್ಕವಿದೆಯೇ ಎಂದು ನೋಡಿಬಿಡಬಹುದು. ಇದ್ದರೆ ಆ ಕೇಬಲನ್ನು ಬಳಸದಿರುವುದೇ ಒಳ್ಳೆಯದು.

ಕೇಬಲ್‌ನ ಬಗೆಯನ್ನೇ ಬದಲಿಸಿ ಎಚ್‌ಡಿಎಂಐ ಹಾಕಿದಾಗ ಫಲಿತಾಂಶ ಇನ್ನೂ ಸ್ವಾರಸ್ಯಕರವಾಗಿತ್ತು: ಹಗಲಿನದೂ ರಾತ್ರಿಯದೂ ಎರಡೂ ತೊಂದರೆಗಳು ಕಾಣಲಿಲ್ಲ. ಕಾರಣ ಎರಡು ಸಂಪರ್ಕಗಳ ರಚನೆಯಲ್ಲಿದೆ. ಎಚ್‌ಡಿಎಂಐ ಕೇಬಲ್ ಮೂಲಕ ಕಂಪ್ಯೂಟರೇ ಮಾನಿಟರಿಗೆ 5 ವೋಲ್ಟ್ ಕೊಡುತ್ತದೆ. ಅನೇಕ ಮಾನಿಟರುಗಳಲ್ಲಿ ಆ 5 ವೋಲ್ಟನ್ನೇ ಒಂದು ರೆಸಿಸ್ಟರ್ ಮೂಲಕ ಹಿಂತಿರುಗಿಸಿ "ನಾನು ಇಲ್ಲಿದ್ದೇನೆ" ಎಂದು ತಿಳಿಸುವ ವ್ಯವಸ್ಥೆ ಇರುತ್ತದೆ, ಮತ್ತು ಮಾನಿಟರಿನ ಗುರುತು ಇರುವ ಪುಟ್ಟ ಮೆಮೊರಿ ಚಿಪ್ಪನ್ನೂ ಅದೇ ವಿದ್ಯುತ್ತಿನಲ್ಲಿ ಓದಬಹುದು. ಆದ್ದರಿಂದ ಮಾನಿಟರ್ ಗಾಢವಾಗಿ ಮಲಗಿದ್ದರೂ ಕಂಪ್ಯೂಟರಿಗೆ ಅದು ಕಾಣುತ್ತಿರುತ್ತದೆ. ಡಿಸ್‌ಪ್ಲೇಪೋರ್ಟ್‌ನಲ್ಲಿ ಅದೇ ಗುರುತನ್ನು ಓದಬೇಕಾದರೆ ಮಾನಿಟರಿನ ಮುಖ್ಯ ಚಿಪ್ ಎಚ್ಚರವಾಗಿದ್ದು ಉತ್ತರಿಸಬೇಕು. ಅದೂ ಮಲಗಿದ್ದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿ ಮಾನಿಟರೇ ಇಲ್ಲ. ಎರಡು ಪರದೆಗಳಿರುವವರಿಗೆ, ಎದ್ದಾಗ ತೆರೆದಿದ್ದ ಕಿಟಕಿಗಳೆಲ್ಲ ಇನ್ನೊಂದು ಪರದೆಗೆ ಜಾರಿರುವುದು ಕಾಣುವುದು ಇದೇ ಕಾರಣಕ್ಕೆ.

ಎಚ್‌ಡಿಎಂಐಗೆ ಹೋಗುವುದರ ಬೆಲೆಯೂ ಇದೆ. ನನ್ನ ಮಾನಿಟರಿನ ಎಚ್‌ಡಿಎಂಐ 2.0 ಆವೃತ್ತಿಯದು; ಅದರಲ್ಲಿ ನಿಜವಾಗಿ ದಕ್ಕುವ ಸಾಮರ್ಥ್ಯ ಸೆಕೆಂಡಿಗೆ 14.4 ಗಿಗಾಬಿಟ್, ಆದ್ದರಿಂದ ಈ ರೆಸಲ್ಯೂಶನ್‌ನಲ್ಲಿ 8 ಬಿಟ್ ಬಣ್ಣದೊಂದಿಗೆ 144 ಹರ್ಟ್ಸ್‌ಗೆ ನಿಲ್ಲಬೇಕಾಯಿತು. 60 ಹರ್ಟ್ಸ್ ಮಾನಿಟರ್ ಇರುವವರಿಗೆ ಇದು ನಷ್ಟವೇ ಅಲ್ಲ. ಅಂಥವರು ಮುಂದಿನದನ್ನೆಲ್ಲ ಓದುವ ಬದಲು ಎಚ್‌ಡಿಎಂಐ ಹಾಕಿ ಸುಮ್ಮನಿರಬಹುದು.

ರಿಫ್ರೆಶ್ ದರದ ವಿಷಯದಲ್ಲಿ ನನಗೆ ಸಿಕ್ಕದ್ದು ಅರ್ಧ ಫಲ. ಹಳೆಯ ಕೇಬಲನ್ನೇ ಮರಳಿ ಹಾಕಿ ದರವನ್ನು 165ರಿಂದ 60ಕ್ಕೆ ಇಳಿಸಿದರೆ ಹಗಲಿನ ತೊಂದರೆ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ದರ ಇಳಿಸಿದರೆ ಬೇಕಾಗುವ ಸಾಮರ್ಥ್ಯ ಇಳಿಯುತ್ತದೆ ಎಂಬುದು ನಿಜ, ಆದರೆ ಲಿಂಕಿನ ವೇಗವೂ ಇಳಿದೇ ಇಳಿಯುತ್ತದೆ ಎಂದು ಹೇಳಲಾಗದು; ಕೆಲವು ಡ್ರೈವರ್‌ಗಳು ಚಿತ್ರ ಎಷ್ಟೇ ಚಿಕ್ಕದಿರಲಿ ಮಾನಿಟರ್ ಒಪ್ಪುವ ಗರಿಷ್ಠ ವೇಗದಲ್ಲಿಯೇ ಮಾತುಕತೆ ಆರಂಭಿಸುತ್ತವೆ. ಇದಕ್ಕಿಂತ ಖಚಿತವಾದ ದಾರಿ ಮಾನಿಟರಿನ ಮೆನುವಿನಲ್ಲೇ ಇದೆ: ಡಿಸ್‌ಪ್ಲೇಪೋರ್ಟ್ ಆವೃತ್ತಿಯನ್ನು 1.4ರಿಂದ 1.2ಕ್ಕೆ ಇಳಿಸುವ ಆಯ್ಕೆ ಅಲ್ಲಿದ್ದರೆ, ಲಿಂಕಿನ ವೇಗ 5.4 ಗಿಗಾಬಿಟ್ ದಾಟುವುದೇ ಇಲ್ಲ. ಹಾಗೆ ಮಾಡಿದಾಗ ಹಳೆಯ ಕೇಬಲ್‌ನಲ್ಲಿಯೂ ಹಗಲಿನ ತೊಂದರೆ ನಿಂತಿತು.

ಇಲ್ಲಿ ಒಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. 1.2ರಲ್ಲಿ ನಾಲ್ಕೂ ಜೋಡಿ ಸೇರಿ ಚಿತ್ರಕ್ಕೆ ದಕ್ಕುವುದು ಸೆಕೆಂಡಿಗೆ 17.28 ಗಿಗಾಬಿಟ್. ಈ ರೆಸಲ್ಯೂಶನ್‌ನಲ್ಲಿ 165 ಹರ್ಟ್ಸ್, 10 ಬಿಟ್ ಬಣ್ಣ ಬೇಕೆಂದರೆ ಚಿತ್ರದ ಬಿಂದುಗಳಿಗೇ ಸುಮಾರು 18.2 ಗಿಗಾಬಿಟ್ ಬೇಕು, ಅದು ಹಿಡಿಸುವುದಿಲ್ಲ. ಬಣ್ಣವನ್ನು 8 ಬಿಟ್‌ಗೆ ಇಳಿಸಿದರೆ ಅದು 14.6ಕ್ಕೆ ಇಳಿಯುತ್ತದೆ, ನಡುವಿನ ಖಾಲಿ ಸಮಯ ಸೇರಿಸಿದರೂ ಹಿಡಿಸುತ್ತದೆ. ಅಂದರೆ ರಿಫ್ರೆಶ್ ದರವನ್ನು ಬಲಿಕೊಡದೆ ಬಣ್ಣದ ಆಳವನ್ನು ಮಾತ್ರ ಇಳಿಸಿ ಕೇಬಲ್ ಮೇಲಿನ ಭಾರ ತಗ್ಗಿಸಬಹುದು. ಫೋಟೋ ತಿದ್ದುವ ಕೆಲಸವಿಲ್ಲದವರಿಗೆ 165ರಿಂದ 60ಕ್ಕೆ ಇಳಿಯುವುದಕ್ಕಿಂತ ಇದು ಎಷ್ಟೋ ಮೇಲು.

ಉಳಿದದ್ದು ರಾತ್ರಿಯ ತೊಂದರೆ. ಅದಕ್ಕೆ ಪವರ್ ಸೆಟ್ಟಿಂಗ್‌ಗಳ ಕಡೆಗೇ ಬರಬೇಕಾಯಿತು. ಆದರೆ ಯಾವ ಸೆಟ್ಟಿಂಗ್ ಎಂಬುದೇ ಮುಖ್ಯ. ಕಂಪ್ಯೂಟರಿನ ನಿದ್ದೆಯೇ ಕಾರಣವೋ, ಪರದೆಯ ನಿದ್ದೆಯೋ ಎಂದು ತಿಳಿಯಲು, ವಿಂಡೋಸ್‌ನಲ್ಲಿ ಸ್ಲೀಪನ್ನು ಪೂರ್ತಿ ನಿಲ್ಲಿಸಿ, ಪರದೆ ಮಾತ್ರ ಸ್ವಲ್ಪ ಹೊತ್ತಿಗೆ ಆರುವಂತೆ ಇಟ್ಟು ರಾತ್ರಿ ಬಿಟ್ಟೆ. ಬೆಳಿಗ್ಗೆ ಕಂಪ್ಯೂಟರ್ ಮಲಗಿರಲೇ ಇಲ್ಲ, ಆದರೂ ಮಾನಿಟರಿನಲ್ಲಿ ಅದೇ "No Signal". ಈ ಒಂದು ಪರೀಕ್ಷೆಯಿಂದ ಕಂಪ್ಯೂಟರ್ ಕಡೆಯ ಹಲವು ಸಲಹೆಗಳು ಒಮ್ಮೆಗೇ ಬದಿಗೆ ಸರಿದವು. "Link State Power Management" ಅನ್ನು ಆಫ್ ಮಾಡುವುದು ಎಲ್ಲರೂ ಹೇಳುವ ಸಲಹೆ. ನಾನೂ ಮಾಡಿ ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ಅದು ಮದರ್‌ಬೋರ್ಡ್ ಮತ್ತು ಗ್ರಾಫಿಕ್ಸ್ ಕಾರ್ಡ್ ನಡುವಿನ ಸಂಪರ್ಕಕ್ಕೆ ಸಂಬಂಧಿಸಿದ್ದು, ಕಾರ್ಡ್ ಮತ್ತು ಮಾನಿಟರ್ ನಡುವಿನದಕ್ಕಲ್ಲ. ಪರದೆ ಆರಿದಾಗ ಬರದ ತೊಂದರೆ ಕಂಪ್ಯೂಟರ್ ಮಲಗಿದಾಗ ಮಾತ್ರ ಬರುತ್ತಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಸಾಲು ಕೊಟ್ಟು ಯಂತ್ರಕ್ಕೆ ಯಾವ ಬಗೆಯ ಸ್ಲೀಪ್ ಇದೆ ಎಂದು ನೋಡುವುದು ಸರಿಯಾದ ಮುಂದಿನ ಹೆಜ್ಜೆ:

```
powercfg /a
```

ನನ್ನ ರಾತ್ರಿಯ ತೊಂದರೆಯನ್ನು ನಿಲ್ಲಿಸಿದ್ದು ಮಾನಿಟರಿನದೇ ಮೆನುವಿನ "Deep Sleep". ಅದನ್ನು ಆಫ್ ಮಾಡಿದಾಗ ಮಾನಿಟರಿನ ಚಿಪ್ ಹಗುರವಾಗಿ ಮಾತ್ರ ಮಲಗುತ್ತದೆ, ಕಂಪ್ಯೂಟರ್ ಕರೆದರೆ ಉತ್ತರಿಸುತ್ತದೆ. ಸ್ಟ್ಯಾಂಡ್‌ಬೈನಲ್ಲಿ ವಿದ್ಯುತ್ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ ಎಂಬುದೊಂದೇ ಇದರ ಕೊರತೆ. ಎಲ್ಲ ಮಾನಿಟರುಗಳಲ್ಲಿ ಈ ಆಯ್ಕೆ ಇದೇ ಹೆಸರಿನಲ್ಲಿ ಇರುವುದಿಲ್ಲ, ಕೆಲವುಗಳಲ್ಲಿ ಇರುವುದೇ ಇಲ್ಲ. ಅದರ ಪಕ್ಕದಲ್ಲಿಯೇ ಇನ್‌ಪುಟ್ಟನ್ನು ತಾನಾಗಿ ಹುಡುಕುವ ಆಯ್ಕೆಯೂ ಇರುತ್ತದೆ; ಅದನ್ನೂ ನಿಲ್ಲಿಸಿ ಡಿಸ್‌ಪ್ಲೇಪೋರ್ಟನ್ನೇ ಖಾಯಂ ಮಾಡುವುದು ಒಳ್ಳೆಯದು. ಇಲ್ಲದಿದ್ದರೆ ಕಂಪ್ಯೂಟರ್ ಚಿತ್ರ ಕಳುಹಿಸುವ ಹೊತ್ತಿಗೆ ಮಾನಿಟರ್ ಎಚ್‌ಡಿಎಂಐಯಲ್ಲಿ ಹುಡುಕುತ್ತಿದ್ದು, ಏನೂ ಸಿಗಲಿಲ್ಲವೆಂದು ಮತ್ತೆ ಮಲಗಿಬಿಡಬಹುದು.

ಈಗ ನನ್ನಲ್ಲಿರುವುದು ಒಂದೂವರೆ ಮೀಟರ್‌ನ ಪ್ರಮಾಣೀಕೃತ ಡಿಸ್‌ಪ್ಲೇಪೋರ್ಟ್ ಕೇಬಲ್, 165 ಹರ್ಟ್ಸ್, 10 ಬಿಟ್ ಬಣ್ಣ, "Deep Sleep" ಆಫ್. ಕೇಬಲ್ ಕೊಳ್ಳಲು ಇಷ್ಟವಿಲ್ಲದವರು ಮಾನಿಟರಿನ ಮೆನುವಿನ ಎರಡು ಬದಲಾವಣೆಗಳನ್ನು, ಅಂದರೆ ಆವೃತ್ತಿ 1.2 ಮತ್ತು "Deep Sleep" ಆಫ್, ಮೊದಲು ಮಾಡಿ ನೋಡಬಹುದು. ನನ್ನ ಹಳೆಯ ಕೇಬಲ್ ಈ ಜೋಡಿಯಲ್ಲಿ ತಕರಾರಿಲ್ಲದೆ ಕೆಲಸ ಮಾಡಿತು. ಲ್ಯಾಪ್‌ಟಾಪನ್ನು ಡಾಕ್ ಮೂಲಕ ಜೋಡಿಸಿದವರಿಗೆ ಮಾತ್ರ ಈ ಹೋಲಿಕೆ ನೇರವಾಗಿ ಅನ್ವಯಿಸುವುದಿಲ್ಲ, ಏಕೆಂದರೆ ಅಲ್ಲಿ ನಡುವೆ ಡಾಕ್‌ನದೇ ಇನ್ನೊಂದು ಚಿಪ್ ಕೂಡ ಮಲಗಿ ಏಳುತ್ತಿರುತ್ತದೆ. ಅಂಥವರು ಡಾಕ್ ಬಿಟ್ಟು ಲ್ಯಾಪ್‌ಟಾಪಿನಿಂದ ಮಾನಿಟರಿಗೆ ನೇರ ಕೇಬಲ್ ಹಾಕಿ ತೊಂದರೆ ಉಳಿಯುತ್ತದೆಯೇ ಎಂದು ನೋಡಿಕೊಂಡು ನಂತರ ಇವನ್ನು ಪ್ರಯತ್ನಿಸಬೇಕು.