ಡಿ-ಪ್ಯಾಡ್, ಅನಲಾಗ್, ಕೀಬೋರ್ಡ್: ನನ್ನ ಶೊರ್ಯುಕೆನ್ ಎಲ್ಲಿ ಕಳೆದುಹೋಗುತ್ತಿತ್ತು

ಚಿಕ್ಕಪ್ಪನ ಮಗ ಶನಿವಾರ ಮಂಡ್ಯದಿಂದ ಬಂದರೆ ಕುವೆಂಪುನಗರದ ನಮ್ಮ ಮನೆಯಲ್ಲಿ ರಾತ್ರಿಯವರೆಗೂ ಹೊಡೆದಾಟದ ಆಟ ಸ್ಟ್ರೀಟ್ ಫೈಟರ್ 6. ಹೋದ ಸಲ ಸೋತವನು ಪ್ಯಾಡನ್ನು ದಿಂಬಿನ ಮೇಲೆ ಎಸೆದ. “ಒತ್ತುದ್ರೂ ಬರಲ್ಲ ಕಣಣ್ಣ, ನಿನ್ ಪ್ಯಾಡ್ ಕೆಟ್ಟೋಗದೆ” ಅಂದ. ನನಗೂ ಆಗಾಗ ಹಾಗೇ ಅನ್ನಿಸುತ್ತಿತ್ತು. ಅವನು ಊರಿಗೆ ಹೋದ ಮೇಲೆ ಟ್ರೈನಿಂಗ್ ಮೋಡ್ ತೆರೆದು, ಇನ್‌ಪುಟ್ ಹಿಸ್ಟರಿ, ಅಂದರೆ ಒತ್ತಿದ್ದನ್ನೆಲ್ಲ ಸಾಲಾಗಿ ತೋರಿಸುವ ಪಟ್ಟಿ ಹಾಕಿಕೊಂಡು, ರ್ಯೂ ಅನ್ನುವ ಪಾತ್ರದ ಕೈಲಿ ಡಿ-ಪ್ಯಾಡ್, ಅನಲಾಗ್ ಕಡ್ಡಿ, ಕೀಬೋರ್ಡ್ ಮೂರರಲ್ಲೂ ಮೇಲಕ್ಕೆ ಎಗರಿ ಹೊಡೆಯುವ ಶೊರ್ಯುಕೆನ್ ಏಟನ್ನು 50-50 ಸಲ ಹೊಡೆಸಿದೆ.

ಬಲಕ್ಕೆ ಮುಖ ಮಾಡಿದಾಗ ಶೊರ್ಯುಕೆನ್ ಅಂದರೆ → ↓ ↘, ಜೊತೆಗೆ ಪಂಚ್. ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ಅಂದರೆ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಇಲ್ಲಿ ಆಟಕ್ಕೆ ಎರಡು ನೆನಪು ಇದೆ, ನಾವು ಅವನ್ನು ಒಂದೇ ಅಂದುಕೊಂಡು ಬೈಯುತ್ತೇವೆ. ಒಂದು, ದಿಕ್ಕುಗಳ ನೆನಪು: → ಒತ್ತಿದ ಮೇಲೆ ಮುಂದಿನ ದಿಕ್ಕು ಬರಲಿ ಅಂತ ಆಟ ಸ್ವಲ್ಪ ಹೊತ್ತು ಕಾಯುತ್ತದೆ. ಇದು ಸಾಕಷ್ಟು ಧಾರಾಳ. ಇನ್ನೊಂದು, ಬಟನ್ನಿನ ನೆನಪು: ಪಾತ್ರ ಇನ್ನೂ ಹಿಂದಿನ ಏಟಿನಲ್ಲೇ ಸಿಕ್ಕಿಕೊಂಡಿರುವಾಗ ಒತ್ತಿದ ಬಟನ್ನನ್ನು ಕೆಲವೇ ಫ್ರೇಮ್ ಇಟ್ಟುಕೊಳ್ಳುತ್ತದೆ. ಬಫರ್ ಅಂತ ಹೆಚ್ಚಾಗಿ ಹೇಳುವುದು ಇದನ್ನೇ. ಇದು ತುಂಬಾ ಜಿಪುಣ.

ಡಿ-ಪ್ಯಾಡ್‌ನಲ್ಲಿ 50ಕ್ಕೆ 11 ತಪ್ಪಿದವು. ಎಲ್ಲ ದಿಕ್ಕೂ ಸರಿಯಾಗಿದ್ದವು, ಆದರೂ ಬಗ್ಗಿದ ಪಂಚ್ ಬರುತ್ತಿತ್ತು. ಒಂದು ತಪ್ಪಿನ ಹಿಸ್ಟರಿ ಹೀಗಿತ್ತು, ಅಂಕಿ ಅಂದರೆ ಫ್ರೇಮ್:

```
→ 5    ↓ 4    ↓+ಪಂಚ್ 3    ↘ 6
```

ಪಂಚ್ ಮೂಡಿದ್ದು ↓ ಸಾಲಿನಲ್ಲಿ. ↘ ಬಂದದ್ದು ಅದಾದ 3 ಫ್ರೇಮ್ ಮೇಲೆ. ಪಂಚ್ ಕಂಡ ಫ್ರೇಮಿನಲ್ಲಿ ಚಲನೆ ಇನ್ನೂ ಮುಗಿದಿರಲಿಲ್ಲ. ಪಾತ್ರ ಬಗ್ಗಿತ್ತು, ಪಂಚ್ ಒತ್ತಿದ್ದೆ, ಆಟ ಬಗ್ಗಿದ ಪಂಚ್ ಕೊಟ್ಟಿತು. ನ್ಯಾಯವಾಗೇ ಇದೆ ಅಲ್ವಾ? 3 ಫ್ರೇಮ್ ಅಂದರೆ 50 ಮಿಲಿಸೆಕೆಂಡ್, ಬಲಗೈ ಎಡಗೈಗಿಂತ ಅಷ್ಟು ಮುಂದೆ ಓಡಿದ್ದು ನನಗೆ ತಿಳಿಯಲೇ ಇಲ್ಲ. ನನಗೆ ಹೊಸದಾಗಿ ಕಂಡದ್ದು ಇನ್ನೊಂದು. ↘ ಆದ ಮೇಲೆ ಬಟನ್ ಸ್ವಲ್ಪ ತಡವಾದರೆ ಆಟ ಕ್ಷಮಿಸುತ್ತದೆ. ಮುಂಚೆ ಬಂದರೆ ಕ್ಷಮಿಸಲ್ಲ. ಅದಕ್ಕೇ ಈಗ ↘ ಹೆಬ್ಬೆರಳಿಗೆ ಸಿಕ್ಕ ಮೇಲೆ ಪಂಚ್ ಒತ್ತುತ್ತೇನೆ. ನಿಧಾನವಾಯಿತೇನೋ ಅನ್ನಿಸುತ್ತದೆ, ಆದರೆ ಏಟು ಬರುತ್ತದೆ.

ಅನಲಾಗ್ ಕಡ್ಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. 50ಕ್ಕೆ 19 ತಪ್ಪು. ಎಲ್ಲಿಗೆ ತಳ್ಳಿದೆ ಅಂತ ಹೆಬ್ಬೆರಳಿಗೆ ಗೊತ್ತಾಗದು. → ತಳ್ಳಿದಾಗ ↗ಗೆ ಜಾರಿ ರ್ಯೂ ಸುಮ್ನೆ ಎಗರುತ್ತಿದ್ದ.

ಕೀಬೋರ್ಡ್ ಮಜಾ ಇತ್ತು. ಬೆರಳಿಗೊಂದು ಕೀ, ಹಾಗಾಗಿ ದಿಕ್ಕುಗಳು ಚೊಕ್ಕ. ಆದರೆ ಹಳೆಯ ಆಫೀಸ್ ಕೀಬೋರ್ಡ್‌ನಲ್ಲಿ ಒತ್ತಿದ ಪಂಚ್ ಕೆಲವು ಸಲ ಹಿಸ್ಟರಿಯಲ್ಲೇ ಇರಲಿಲ್ಲ! ಒತ್ತಿದ್ದು ಆಟಕ್ಕೆ ತಲುಪದೇ ಹೋಗುವ ನಿಜವಾದ ಡ್ರಾಪ್ ಮೂರರಲ್ಲಿ ಇದೊಂದೇ. ಅಗ್ಗದ ಕೀಬೋರ್ಡ್‌ಗಳಲ್ಲಿ ಎರಡು ಕೀ ಹಿಡಿದಿರುವಾಗ ಕೆಲವು ಮೂರನೆಯ ಕೀಗಳು ಒಳಗಿನ ತಂತಿಜಾಲದಲ್ಲಿ ಸಿಕ್ಕಿ ದಾಖಲಾಗುವುದಿಲ್ಲ. ↘ಗೆ ↓ ಕೀ ಆದ S, → ಕೀ ಆದ D ಎರಡೂ ಹಿಡಿಯಬೇಕು, ಪಂಚ್ ಮೂರನೆಯದು. ಪತ್ತೆ ಮಾಡುವುದು ಸುಲಭ: ನೋಟ್‌ಪ್ಯಾಡ್ ತೆರೆದು S, D ಒತ್ತಿ ಹಿಡಿದು ಪಂಚ್ ಕೀ ಒತ್ತಿ. ಅಕ್ಷರ ಬೀಳದಿದ್ದರೆ ನಿಮ್ಮ ಬೆರಳಿನ ತಪ್ಪಲ್ಲ. ನಾನು ಪಂಚನ್ನು ಬೇರೆ ಕೀಗೆ ಹಾಕಿದೆ. ಮತ್ತೆ 50 ಹೊಡೆದಾಗ ತಪ್ಪಿದ್ದು 6.

ಕೆಳಗೆ ಬಿದ್ದು ಏಳುವಾಗಿನ ಶೊರ್ಯುಕೆನ್‌ಗೆ ಮಾತ್ರ ಮೂರರಲ್ಲೂ ಒಂದೇ ಗೋಳು. ಗಾಬರಿಯಲ್ಲಿ ಬೇಗ ಹೊಡೆದರೆ ಹಿಸ್ಟರಿಯಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ, ಪಂಚ್ ↘ ಮೇಲೇ ಇರುತ್ತದೆ. ಆದರೆ ರ್ಯೂ ಎದ್ದು ನಿಲ್ಲುವಷ್ಟರಲ್ಲಿ ಬಟನ್ನಿನ ನೆನಪು ಅಳಿಸಿ ಹೋಗಿರುತ್ತದೆ. ಇಲ್ಲಿ ಸಾಧನ ಬದಲಿಸಿ ಪ್ರಯೋಜನ ಇಲ್ಲ. ದಿಕ್ಕುಗಳನ್ನು ಏಳುವ ಮುಂಚೆ ಶುರು ಮಾಡಿ, ಪಂಚನ್ನು ಕೊನೆಯ ಕ್ಷಣಕ್ಕೆ ಇಟ್ಟುಕೊಳ್ಳಬೇಕು.

ಈಗ ನಾನು ಕೀಬೋರ್ಡ್‌ನಲ್ಲೇ ಆಡುತ್ತೇನೆ. ತಮ್ಮ ಮತ್ತೆ ಬಂದ ಶನಿವಾರ ಅವನಿಗೂ ಹಿಸ್ಟರಿ ತೋರಿಸಿದೆ. ಅವನ ಪಂಚ್ ↘ಗಿಂತ 4 ಫ್ರೇಮ್ ಮುಂಚೆ ಕೂತಿತ್ತು. ಸ್ವಲ್ಪ ಹೊತ್ತು ನೋಡಿದ. “ಆದ್ರೂ ನಿನ್ ಪ್ಯಾಡ್ ಸರಿ ಇಲ್ಲ ಬುಡಣ್ಣ” ಅಂದ.