ಹದಿನೆಂಟು ವರ್ಷದ ಉಳಿತಾಯ ಖಾತೆ: ಬಡ್ಡಿ ಲೆಕ್ಕ ಹಾಕಿ ನೋಡಿದ ಮೇಲೆ ನನ್ನ ಅಭಿಪ್ರಾಯ

ಭಾಲ್ಕಿಯ ಒಂದು ಸರ್ಕಾರಿ ಬ್ಯಾಂಕಿನಲ್ಲಿ ನನ್ನ ಉಳಿತಾಯ ಖಾತೆ ಇದೆ. 2007ರಲ್ಲಿ ತೆರೆದದ್ದು. ನನ್ನದು ಸಣ್ಣ ಕಿರಾಣಿ ಅಂಗಡಿ, ಊರಲ್ಲಿ ಸ್ವಲ್ಪ ಹೊಲ. ಖಾತೆಯಲ್ಲಿ ದೊಡ್ಡ ದುಡ್ಡು ಯಾವತ್ತೂ ನಿಲ್ಲುವುದಿಲ್ಲ, ಬರುತ್ತದೆ, ಹೋಗುತ್ತದೆ. ಇಂಥ ಖಾತೆಗೆ ಬಡ್ಡಿ ಹೇಗೆ ಬೀಳುತ್ತದೆ ಅನ್ನುವುದನ್ನು ಹೇಳಬೇಕು ಅಂತ ಇದನ್ನು ಬರೆಯುತ್ತಿದ್ದೇನೆ. ಬೇರೆ ಸೇವೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಟಿಎಂ ನಡೆಯುತ್ತದೆ, ಆ್ಯಪ್ ನಡೆಯುತ್ತದೆ, ಪಾಸ್‌ಬುಕ್ ಮಷಿನ್ ಮುಂದೆ ಸಾಲು ಇರುತ್ತದೆ.

ಖಾತೆ ತೆರೆದ ಹೊಸದರಲ್ಲಿ ಕೌಂಟರಿನಲ್ಲಿದ್ದವರು ನಮ್ಮ ಅಪ್ಪನಿಗೆ ಒಂದು ಮಾತು ಹೇಳಿದ್ದರು: "ಕಾಕಾ, ಹತ್ತನೇ ತಾರೀಖಿನ ಒಳಗ ಹಾಕ್ರಿ. ಇಲ್ಲಂದ್ರ ಆ ತಿಂಗಳ ಬಡ್ಡಿ ಬರಂಗಿಲ್ಲ." ಆಗ ನಿಯಮವೇ ಹಾಗಿತ್ತು. ತಿಂಗಳ 10ರಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟು ಉಳಿದಿತ್ತೋ ಅಷ್ಟಕ್ಕೇ ಬಡ್ಡಿ. ದರ 3.5 ಶೇಕಡಾ. 15ಕ್ಕೆ ಹಾಕಿದ ದುಡ್ಡಿಗೆ ಆ ತಿಂಗಳು ಏನೂ ಇಲ್ಲ. 28ಕ್ಕೆ ದುಡ್ಡು ತೆಗೆದರೂ ಇಡೀ ತಿಂಗಳ ಬಡ್ಡಿ ಹೋಯಿತು. ಬೆಳೆ ಮಾರಿದ ದುಡ್ಡು ಹತ್ತನೇ ತಾರೀಖು ನೋಡಿಕೊಂಡು ಬರುತ್ತದಾ ಹೇಳಿ?

2010ರ ಏಪ್ರಿಲ್ 1ರಿಂದ ಇದು ಬದಲಾಯಿತು. ದಿನದ ಕೊನೆಗೆ ಖಾತೆಯಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಆ ದಿನದ ಬಡ್ಡಿ ಕಟ್ಟಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ನಮ್ಮಂಥವರಿಗೆ ಇದರಿಂದ ಎಷ್ಟು ಉಪಯೋಗ ಆಯಿತು ಅನ್ನುವುದು ನನಗೆ ಗೊತ್ತಾಗಿದ್ದು ಹೋದ ವರ್ಷ ಕೂತು ಲೆಕ್ಕ ಹಾಕಿದಾಗ.

2025ರ ಅಕ್ಟೋಬರ್ 1ಕ್ಕೆ ಖಾತೆಯಲ್ಲಿ 10,000 ರೂಪಾಯಿ ಇತ್ತು. ಅಕ್ಟೋಬರ್ 16ಕ್ಕೆ ಸೋಯಾ ಮಾರಿದ ದುಡ್ಡು, 30,000, ಅಡತಿಯವರಿಂದ ಖಾತೆಗೆ ಬಂತು. ಒಟ್ಟು 40,000 ಆಯಿತು. ನವೆಂಬರ್ 10ಕ್ಕೆ ಮಗಳ ಹಾಸ್ಟೆಲ್ ಫೀಸಿಗೆ 25,000 ತೆಗೆದೆ. ಉಳಿದ 15,000 ಡಿಸೆಂಬರ್ 31ರವರೆಗೆ ಹಾಗೇ ಇತ್ತು. ಆ ಮೂರು ತಿಂಗಳೂ ನಮ್ಮ ಬ್ಯಾಂಕಿನ ದರ ವರ್ಷಕ್ಕೆ 2.5 ಶೇಕಡಾ.

ಈಗ ದಿನ ಎಣಿಸಬೇಕು. 10,000 ಇದ್ದದ್ದು ಅಕ್ಟೋಬರ್ 1ರಿಂದ 15ರವರೆಗೆ, 15 ದಿನ. 40,000 ಇದ್ದದ್ದು ಅಕ್ಟೋಬರ್ 16ರಿಂದ ನವೆಂಬರ್ 9ರವರೆಗೆ, 25 ದಿನ. 15,000 ಇದ್ದದ್ದು ನವೆಂಬರ್ 10ರಿಂದ ಡಿಸೆಂಬರ್ 31ರವರೆಗೆ, 52 ದಿನ. ಎಲ್ಲ ಸೇರಿ 92. ದಿನಗಳ ಮೊತ್ತ ತಾಳೆ ಆಗಲಿಲ್ಲ ಅಂದರೆ ಮುಂದೆ ಹೋಗಬೇಡಿ, ತಪ್ಪು ಅಲ್ಲೇ ಇರುತ್ತದೆ.

ದುಡ್ಡು ಹಾಕಿದ ದಿನ ಲೆಕ್ಕಕ್ಕೆ ಬರುತ್ತದೆ, ತೆಗೆದ ದಿನ ಬರುವುದಿಲ್ಲ. ಯಾಕೆಂದರೆ ಬ್ಯಾಂಕ್ ನೋಡುವುದು ದಿನ ಮುಗಿದಾಗ ಇರುವ ಬಾಕಿ. ನವೆಂಬರ್ 10ರ ಮುಂಜಾನೆ ನನ್ನ ಖಾತೆಯಲ್ಲಿ 40,000 ಇತ್ತು, ರಾತ್ರಿಗೆ 15,000. ಆ ದಿನಕ್ಕೆ 15,000 ಅಂತಲೇ ಹಿಡಿಯಬೇಕು. ಮುಂಜಾನೆ ಹಾಕಿ ಸಂಜೆ ತೆಗೆದ ದುಡ್ಡಿಗೆ ಬಡ್ಡಿ ಇಲ್ಲ. ನಾನು ಮೊದಲ ಸಲ ಎಣಿಸಿದಾಗ ನವೆಂಬರ್ 10ನ್ನೂ 40,000ದ ಕಡೆ ಹಾಕಿದ್ದೆ. ಆಗ 1 ರೂಪಾಯಿ 71 ಪೈಸೆ ಜಾಸ್ತಿ ಬಂದಿತ್ತು. 25,000 ರೂಪಾಯಿಗೆ ಒಂದು ದಿನದ ಬಡ್ಡಿ ಅದು.

ಮುಂದಿನದು ಸುಲಭ. ಬಾಕಿಯನ್ನು ದಿನಗಳಿಂದ ಗುಣಿಸಬೇಕು. 10,000ಕ್ಕೆ 15 ದಿನ, 1,50,000. 40,000ಕ್ಕೆ 25 ದಿನ, 10,00,000. 15,000ಕ್ಕೆ 52 ದಿನ, 7,80,000. ಕೂಡಿದರೆ 19,30,000. ಬ್ಯಾಂಕಿನವರು ಇದಕ್ಕೆ ಪ್ರಾಡಕ್ಟ್ ಅನ್ನುತ್ತಾರೆ. 19,30,000 ರೂಪಾಯಿ ಒಂದೇ ಒಂದು ದಿನ ಖಾತೆಯಲ್ಲಿ ಇದ್ದ ಹಾಗೆ ಅಂತ ತಿಳಿದುಕೊಳ್ಳಿ. ಇದಕ್ಕೆ ಒಂದು ದಿನದ ಬಡ್ಡಿ ಹಾಕಿದರೆ ಆಯಿತು:

19,30,000 × 2.5 ÷ 36,500 = 132.19

36,500 ಅಂದರೆ ಶೇಕಡಾದ 100, ವರ್ಷದ 365 ದಿನ, ಎರಡನ್ನೂ ಗುಣಿಸಿದ್ದು. ಪಾಸ್‌ಬುಕ್ಕಿನಲ್ಲಿ ಬಂದದ್ದು 132 ರೂಪಾಯಿ. ಪೈಸೆಯನ್ನು ಹತ್ತಿರದ ರೂಪಾಯಿಗೆ ಹೊಂದಿಸಿದ್ದರು. ಆ ಎಂಟ್ರಿ ನೋಡಿದಾಗ ನಿಜವಾಗಿ ಖುಷಿಯಾಯಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಬ್ಯಾಂಕಿನ ಲೆಕ್ಕ ನನ್ನ ಕೈಯಲ್ಲಿ ತಾಳೆ ಆಗಿತ್ತು.

ಇದೇ ಮೂರು ತಿಂಗಳನ್ನು ಹಳೇ ನಿಯಮದಲ್ಲೂ ಹಾಕಿ ನೋಡಿದೆ. ಅಕ್ಟೋಬರ್ 10ರ ನಂತರ ಅತಿ ಕಡಿಮೆ ಬಾಕಿ 10,000. ನವೆಂಬರಿಗೆ 15,000. ಡಿಸೆಂಬರಿಗೂ 15,000. ಆ ಕಾಲದ 3.5 ಶೇಕಡಾ ಹಿಡಿದರೂ ಬರುವುದು 116 ರೂಪಾಯಿ 67 ಪೈಸೆ. ದರ ಈಗ ಒಂದು ಶೇಕಡಾ ಕಡಿಮೆ, ಆದರೂ ಬಡ್ಡಿ 15 ರೂಪಾಯಿ ಜಾಸ್ತಿ. ಸೋಯಾ ದುಡ್ಡಿನಲ್ಲಿ ಇಪ್ಪತ್ತೈದು ದಿನ ನಿಂತು ಫೀಸಿಗೆ ಹೋದ 25,000ಕ್ಕೆ ಹಳೇ ಲೆಕ್ಕದಲ್ಲಿ ಒಂದು ಪೈಸೆಯೂ ಸಿಗುತ್ತಿರಲಿಲ್ಲ.

ಬಡ್ಡಿ ದಿನಾ ಲೆಕ್ಕ ಆಗುತ್ತದೆ, ಆದರೆ ದಿನಾ ಖಾತೆಗೆ ಬೀಳುವುದಿಲ್ಲ. ಮೊದಲು ನಮ್ಮಲ್ಲಿ ಆರು ತಿಂಗಳಿಗೊಮ್ಮೆ ಹಾಕುತ್ತಿದ್ದರು. 2016ರಲ್ಲಿ ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ, ಇಲ್ಲವೇ ಅದಕ್ಕಿಂತ ಬೇಗ ಹಾಕಬೇಕು ಅಂತ ಮಾಡಿತು. ಒಮ್ಮೆ ಖಾತೆಗೆ ಬಿದ್ದ ಮೇಲೆ ಆ 132 ರೂಪಾಯಿಯೂ ಬಾಕಿಯೇ. ಜನವರಿ 1ರಿಂದ 15,132ಕ್ಕೆ ಬಡ್ಡಿ ಶುರು. ಆ 132ರಿಂದ ಮುಂದಿನ ಮೂರು ತಿಂಗಳಲ್ಲಿ ಹುಟ್ಟುವುದು 81 ಪೈಸೆ. ಹಾಗಾಗಿ ಬಡ್ಡಿಗೆ ಬಡ್ಡಿ ಅನ್ನುವ ಆಸೆಗೆ ಉಳಿತಾಯ ಖಾತೆಯಲ್ಲಿ ದುಡ್ಡು ಬಿಡಬೇಡಿ. ಒಂದು ವರ್ಷ ಬೇಡ ಅನ್ನುವ ದುಡ್ಡು ಎಫ್‌ಡಿಗೆ ಹೋಗಲಿ. ಇದು ಬಂದು ಹೋಗುವ ದುಡ್ಡಿಗೆ ಸರಿಯಾದ ಜಾಗ.

ನಿಮ್ಮ ಲೆಕ್ಕ ತಾಳೆ ಆಗದಿದ್ದರೆ ಬ್ಯಾಂಕಿನ ಮೇಲೆ ಸಿಟ್ಟಾಗುವ ಮೊದಲು ಕೆಲವು ವಿಷಯ ನೋಡಿ. ಮೊದಲನೆಯದು, ನಡುವೆ ದರ ಬದಲಾಗಿದೆಯಾ? ಬದಲಾಗಿದ್ದರೆ ಆ ತಾರೀಖಿಗೆ ಲೆಕ್ಕ ಮುರಿದು ಎರಡು ಭಾಗ ಮಾಡಬೇಕು. ಚೆಕ್ ಹಾಕಿದ್ದರೆ ಅದು ಪಾಸಾಗಿ ದುಡ್ಡು ಬಂದ ದಿನದಿಂದ ಎಣಿಸಬೇಕು, ಡಬ್ಬಿಗೆ ಹಾಕಿದ ದಿನದಿಂದ ಅಲ್ಲ. ಎಸ್ಸೆಮ್ಮೆಸ್ ಶುಲ್ಕವೂ ಬಡ್ಡಿಯ ಆಚೀಚೆಯೇ ಕಡಿತ ಆಗುತ್ತದೆ. ಬಾಕಿ ಅಷ್ಟೇನೂ ಏರಲಿಲ್ಲ ಅನ್ನಿಸಿದರೆ ಬಡ್ಡಿ ಕಡಿಮೆ ಬಂತು ಅಂತಲ್ಲ, ಎರಡು ಎಂಟ್ರಿಯನ್ನೂ ಬೇರೆ ಬೇರೆ ಓದಿ.

ನನ್ನನ್ನು ಜಾಸ್ತಿ ಕಾಡಿದ್ದು ಮನೆಯವಳ ಖಾತೆ. ಅದು ಬೇರೆ ಬ್ಯಾಂಕ್. ಅಲ್ಲಿ ಎಷ್ಟು ಸಲ ಎಣಿಸಿದರೂ ಕೆಲವು ರೂಪಾಯಿ ವ್ಯತ್ಯಾಸ. ಕೊನೆಗೆ ಬಡ್ಡಿ ಬಿದ್ದ ತಾರೀಖು ನೋಡಿದೆ: ಡಿಸೆಂಬರ್ 25. ಹಿಂದಿನದು ಸೆಪ್ಟೆಂಬರ್ 25. ಅಂದರೆ ಅವರ ಮೂರು ತಿಂಗಳು ಸೆಪ್ಟೆಂಬರ್ 25ರಿಂದ ಡಿಸೆಂಬರ್ 24ರವರೆಗೆ, 91 ದಿನ. ನಾನು ಅಕ್ಟೋಬರ್ 1ರಿಂದ 92 ದಿನ ಎಣಿಸುತ್ತಿದ್ದೆ. ಕೆಲವು ಬ್ಯಾಂಕುಗಳು ಬಡ್ಡಿ ಎಂಟ್ರಿಯ ಮುಂದೆ `Int.Pd` ಅಂತ ಬರೆದು ಎರಡು ತಾರೀಖು ಕೊಡುತ್ತವೆ, ಅಲ್ಲಿಂದ ಅಲ್ಲಿಗೆ ಎಣಿಸಿದರೆ ಸಾಕು. ಅವಳ ಪಾಸ್‌ಬುಕ್ಕಿನಲ್ಲಿ ಅದು ಇರಲಿಲ್ಲ. ತಾರೀಖು ಸರಿ ಮಾಡಿಕೊಂಡು ಮತ್ತೆ ಗುಣಿಸಿದೆವು. ಈ ಸಲ ದಿನ ಎಣಿಸಿದ್ದು ಅವಳು, ರೂಪಾಯಿಗೆ ರೂಪಾಯಿ ಕೂಡಿತು.