ಪ್ರೊಫೈಲ್ ಲಿಂಕ್: ತೊಗರಿ ಬೇಳೆ ಮಾರುತ್ತಾ ಮೂರು ವರ್ಷ ಬಳಸಿದ ಮೇಲೆ

ಆಳಂದ ತಾಲ್ಲೂಕಿನ ನಮ್ಮ ಹೊಲದ ತೊಗರಿಯನ್ನು ಬೇಳೆ ಮಾಡಿಸಿ, ಕಲಬುರಗಿಯ ಮನೆಯಿಂದಲೇ 5 ಕಿಲೋ ಚೀಲಗಳಲ್ಲಿ ಮಾರುತ್ತಿದ್ದೇನೆ. ಇದು ನಾಲ್ಕನೆಯ ಸುಗ್ಗಿ. ಗಿರಾಕಿಗಳಲ್ಲಿ ಹೆಚ್ಚಿನವರು ಬೆಂಗಳೂರು, ಪುಣೆ, ಹೈದರಾಬಾದ್‌ಗಳಲ್ಲಿ ನೆಲೆಸಿರುವ ನಮ್ಮ ಕಡೆಯವರೇ. ಅವರು ನಮ್ಮನ್ನು ನೋಡುವುದು ಇನ್‌ಸ್ಟಾಗ್ರಾಮ್‌ನಲ್ಲಿ, ಬೇಳೆ ಕೊಳ್ಳುವುದು ನಮ್ಮ ಚಿಕ್ಕ ವೆಬ್‌ಸೈಟ್‌ನಲ್ಲಿ. ಅಲ್ಲಿಂದ ಇಲ್ಲಿಗೆ ಬರುವ ದಾರಿ ಪ್ರೊಫೈಲ್‌ನಲ್ಲಿ ಹಾಕಿರುವ ಲಿಂಕ್. ಪೋಸ್ಟ್‌ನ ಬರಹದೊಳಗೆ ವಿಳಾಸ ಬರೆದರೆ ಅಲ್ಲಿ ಅದು ಬರಿಯ ಅಕ್ಷರವಾಗಿ ಉಳಿಯುತ್ತದೆ, ಒತ್ತಿದರೆ ತೆರೆಯುವುದಿಲ್ಲ. ಆದ್ದರಿಂದಲೇ ಎಲ್ಲರೂ ‘ಲಿಂಕ್ ಬಯೋದಲ್ಲಿದೆ’ ಎಂದು ಬರೆಯುತ್ತಾರೆ.

ಮೊದಲ ಎರಡು ವರ್ಷ ನಾನು ಒಂದು ಲಿಂಕ್-ಪುಟ ಸೇವೆಯನ್ನು ಬಳಸಿದೆ. ಬಯೋದಲ್ಲಿ ಅವರ ವಿಳಾಸ, ಅದನ್ನು ಒತ್ತಿದರೆ ಗುಂಡಿಗಳ ಪಟ್ಟಿ, ಗುಂಡಿ ಒತ್ತಿದರೆ ನಮ್ಮ ಅಂಗಡಿ. 2023ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಮ್ ಬಯೋದಲ್ಲೇ ಐದು ಲಿಂಕ್‌ಗಳಿಗೆ ಅವಕಾಶ ಕೊಟ್ಟಿತ್ತು. ಆದರೂ ರೂಢಿಯಾದದ್ದನ್ನು ಬಿಡಲಿಲ್ಲ. ಬಿಡುವಂತೆ ಮಾಡಿದ್ದು ಎಣಿಕೆ.

ಕಳೆದ ವರ್ಷದ ಜನವರಿಯಲ್ಲಿ, ಹೊಸ ಬೇಳೆ ಬಂದ ವಾರದ ನನ್ನ ಲೆಕ್ಕ ಹೀಗಿತ್ತು. ಇನ್‌ಸ್ಟಾಗ್ರಾಮ್ ತನ್ನ ಲೆಕ್ಕ ತೋರಿಸುವ ಇನ್‌ಸೈಟ್ಸ್‌ನಲ್ಲಿ External link taps ಎಂಬಲ್ಲಿ 214. ನಮ್ಮ ವೆಬ್‌ಸೈಟ್‌ಗೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನಲ್ಲಿ ಅದೇ ದಾರಿಯಿಂದ ಬಂದ ಭೇಟಿಗಳು 131. ಆರ್ಡರ್ 12. ಉಳಿದ 83 ಎಲ್ಲಿ ಹೋದವು? ಯಾರೋ ಸುಳ್ಳು ಲೆಕ್ಕ ತೋರಿಸುತ್ತಿದ್ದಾರೆ ಎಂದು ಆಗ ಸಿಟ್ಟು ಬಂದಿತ್ತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಎರಡೂ ಕಡೆ ಎಣಿಸುತ್ತಿರುವುದು ಬೇರೆ ಬೇರೆ ಘಟನೆಗಳನ್ನು.

ಇನ್‌ಸ್ಟಾಗ್ರಾಮ್ ಎಣಿಸುವುದು ಬೆರಳಿನ ಒತ್ತನ್ನು. ಒತ್ತಿದ ಮೇಲೆ ಆ ವಿಳಾಸ ಮೊದಲು l.instagram.com ಎಂಬ ಅವರದೇ ನಡುಮನೆಯನ್ನು ಹಾದು, ಆ್ಯಪ್‌ನೊಳಗಿನ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ಅನಲಿಟಿಕ್ಸ್ ಎಣಿಸಬೇಕಾದರೆ ನಮ್ಮ ಪುಟ ಬಂದು, ಅದರಲ್ಲಿರುವ ಚಿಕ್ಕ ಸ್ಕ್ರಿಪ್ಟ್ ಓಡಬೇಕು. ಅಷ್ಟರೊಳಗೆ ಬೇಸತ್ತು ಹಿಂದೆ ಹೋದವನು ಒತ್ತಿನ ಲೆಕ್ಕದಲ್ಲಿದ್ದಾನೆ, ಭೇಟಿಯ ಲೆಕ್ಕದಲ್ಲಿಲ್ಲ. ಇನ್ನೊಂದು ಕಾರಣವೂ ಇದೆ. ಒಬ್ಬರೇ ಹತ್ತು ನಿಮಿಷದಲ್ಲಿ ಎರಡು ಸಲ ಬಂದರೆ ಅದು ಎರಡು ಒತ್ತು, ಆದರೆ ಸಾಮಾನ್ಯವಾಗಿ ಒಂದೇ ಭೇಟಿ. ಅರ್ಧ ಗಂಟೆ ಸುಮ್ಮನಿದ್ದ ಮೇಲೆ ಬಂದರೆ ಮಾತ್ರ ಹೊಸ ಭೇಟಿ ಎನಿಸುತ್ತದೆ. ನನ್ನ ವಿಷಯದಲ್ಲಿ ಇವುಗಳ ಜೊತೆಗೆ ನಡುವೆ ಗುಂಡಿಗಳ ಪುಟವೂ ಇತ್ತು. ಅಲ್ಲಿಗೆ ಬಂದು ಯಾವ ಗುಂಡಿಯನ್ನೂ ಒತ್ತದೆ ಮರಳಿದವರು ನಮ್ಮ ಬಾಗಿಲಿಗೇ ಬಂದಿರಲಿಲ್ಲ.

ಎರಡು ಬದಲಾವಣೆ ಮಾಡಿದೆ. ನಡುವಿನ ಪುಟ ತೆಗೆದು ಆರ್ಡರ್ ಪುಟದ ವಿಳಾಸವನ್ನೇ ಬಯೋದಲ್ಲಿ ಇಟ್ಟೆ. ಪುಟದ ಮೇಲ್ಭಾಗದಲ್ಲಿದ್ದ ಬೇಳೆಯ ರಾಶಿಯ ಫೋಟೊ 3 ಎಂಬಿ ಇತ್ತು, ಅದನ್ನು 200 ಕೆಬಿಗೆ ಇಳಿಸಿದೆ. ಮುಂದಿನ ವಾರ 198 ಒತ್ತುಗಳಿಗೆ 172 ಭೇಟಿ. ಇಷ್ಟು ಅಂತರ ಸಹಜ. ಎರಡೂ ಬದಲಾವಣೆಯನ್ನು ಒಟ್ಟಿಗೆ ಮಾಡಿದ್ದು ನನ್ನ ತಪ್ಪು. ಯಾವುದರಿಂದ ಎಷ್ಟು ಲಾಭವಾಯಿತು ಎಂದು ಈಗ ಬಿಡಿಸಿ ಹೇಳಲಾರೆ.

ಲಿಂಕ್‌ಗೆ ಗುರುತು ಹಚ್ಚುವುದನ್ನೂ ಆಗಲೇ ಕಲಿತೆ. ಬಯೋದಲ್ಲಿ ಬರಿಯ ವಿಳಾಸದ ಬದಲು ಹೀಗೆ ಇಡಬೇಕು:

```
https://example.com/bele?utm_source=instagram&utm_medium=bio
```

ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗ ಗಿರಾಕಿಗೆ ಏನೂ ಮಾಡುವುದಿಲ್ಲ. ಆದರೆ ಬಂದವರು ಬಯೋದಿಂದ ಬಂದರೋ, ವಾಟ್ಸ್‌ಆ್ಯಪ್ ಗುಂಪಿನಿಂದ ಬಂದರೋ ಎಂದು ಅನಲಿಟಿಕ್ಸ್‌ಗೆ ತಿಳಿಸುತ್ತದೆ. ಗುರುತಿಲ್ಲದಿದ್ದರೆ ವಾಟ್ಸ್‌ಆ್ಯಪ್‌ನಿಂದ ಬಂದವರು ಸಾಮಾನ್ಯವಾಗಿ ‘ನೇರ’ ಎಂಬ ಸಾಲಿನಲ್ಲಿ ಸೇರಿಹೋಗುತ್ತಾರೆ. ಅಕ್ಷರಗಳ ಬಗ್ಗೆ ಎಚ್ಚರವಿರಲಿ: bio ಮತ್ತು Bio ಅದಕ್ಕೆ ಎರಡು ಬೇರೆ ಹೆಸರು. ಫೋನ್‌ನ ಕೀಲಿಮಣೆ ತಾನಾಗಿಯೇ ದೊಡ್ಡಕ್ಷರ ಹಾಕಿದ್ದರಿಂದ ನನ್ನ ಒಂದು ತಿಂಗಳ ಲೆಕ್ಕ ಎರಡು ಸಾಲಾಗಿ ಸೀಳಿಹೋಗಿತ್ತು.

ಎರಡು ಸಂಖ್ಯೆಗಳನ್ನು ಜೊತೆಗಿಟ್ಟು ನೋಡುವುದರಿಂದ ಆದ ದೊಡ್ಡ ಉಪಯೋಗ ಬೇರೆಯೇ. ಕಳೆದ ಮಾರ್ಚ್‌ನಲ್ಲಿ ನಾಲ್ಕು ದಿನ ಆರ್ಡರ್ ಬರಲಿಲ್ಲ. ಸುಗ್ಗಿಯ ಬೇಡಿಕೆ ಮುಗಿಯಿತೇನೋ ಎಂದುಕೊಂಡಿದ್ದೆ. ಪುಣೆಯ ಗಿರಾಕಿಯೊಬ್ಬರು ಫೋನ್ ಮಾಡಿ, “ಅಕ್ಕ, ಲಿಂಕ್ ಒತ್ತಿದರೆ ಬಿಳಿ ಪುಟ ಬರುತ್ತಿದೆ, ಅಂಗಡಿ ಮುಚ್ಚಿದಿರಾ?” ಎಂದು ಕೇಳಿದರು. ನೋಡಿದರೆ ಒತ್ತುಗಳು ದಿನಕ್ಕೆ ಇಪ್ಪತ್ತರಂತೆ ಎಂದಿನ ಹಾಗೆಯೇ ಇದ್ದವು, ಭೇಟಿ ಮಾತ್ರ ಸೊನ್ನೆ. ಪುಟದ ಹೆಸರು ಬದಲಿಸಿ, ಬಯೋದಲ್ಲಿ ಹಳೆಯ ವಿಳಾಸವನ್ನೇ ಬಿಟ್ಟಿದ್ದೆ. ಬೇಡಿಕೆ ಕುಸಿದಿದ್ದರೆ ಎರಡೂ ಸಂಖ್ಯೆ ಇಳಿಯುತ್ತಿದ್ದವು. ಒತ್ತು ಇದ್ದು ಭೇಟಿ ಇಲ್ಲವೆಂದರೆ ದಾರಿ ಕಡಿದಿದೆ ಎಂದೇ ತಿಳಿಯಬೇಕು. ಈಗ ಪ್ರತಿ ಸೋಮವಾರ ಬೇರೆಯವರ ಫೋನ್‌ನಿಂದ ಲಿಂಕ್ ಒತ್ತಿ ನೋಡುತ್ತೇನೆ.

ಪೋಸ್ಟ್‌ನೊಳಗೆ ಒತ್ತಬಹುದಾದ ಲಿಂಕ್ ಹಾಕಲು ಬಿಡುವ ಇನ್ನೊಂದು ಜಾಲತಾಣದಲ್ಲೂ ನಮ್ಮ ಪುಟವಿದೆ. ಲಿಂಕ್ ಹಾಕಿದರೆ ರೀಚ್, ಅಂದರೆ ಪೋಸ್ಟ್ ತಲುಪುವ ಜನರ ಸಂಖ್ಯೆ, ಬೀಳುತ್ತದೆ ಎಂಬ ಮಾತನ್ನು ಅಲ್ಲಿ ಪರೀಕ್ಷಿಸಿದೆ. ಕಾರಣ ನಿಗೂಢವೇನಲ್ಲ. ಫೀಡ್‌ನ ಕ್ರಮವನ್ನು ನಿರ್ಧರಿಸುವ ವ್ಯವಸ್ಥೆ, ಈ ಪೋಸ್ಟ್‌ನ ಮುಂದೆ ಜನ ನಿಲ್ಲುತ್ತಾರೆಯೇ, ಕಮೆಂಟ್ ಬರೆಯುತ್ತಾರೆಯೇ, ಹಂಚುತ್ತಾರೆಯೇ ಎಂದು ಅಂದಾಜಿಸುತ್ತದೆ. ಲಿಂಕ್ ಒತ್ತಿದವನು ಹೊರಗೆ ಹೋಗುತ್ತಾನೆ. ಕಮೆಂಟ್ ಬರೆಯಲು ಮರಳಿ ಬರುವುದು ಅಪರೂಪ. ಎಕ್ಸ್‌ನ ಮಾಲೀಕ ಇಲಾನ್ ಮಸ್ಕ್ 2023ರಲ್ಲಿ ಇದನ್ನು ಬಾಯಿಬಿಟ್ಟು ಹೇಳಿದರು: ತಮ್ಮ ಅಲ್ಗಾರಿದಮ್ ಜನ ಕಳೆಯುವ ಸಮಯವನ್ನು ಹೆಚ್ಚಿಸಲು ನೋಡುತ್ತದೆ, ಆದ್ದರಿಂದ ಲಿಂಕ್‌ಗಳಿಗೆ ಅಷ್ಟು ಗಮನ ಸಿಗುವುದಿಲ್ಲ ಎಂದು. ಅಂದರೆ ಇದಕ್ಕೆ ಲಿಂಕ್‌ಗೆಂದೇ ವಿಧಿಸಿದ ಶಿಕ್ಷೆ ಇರಲೇಬೇಕೆಂದಿಲ್ಲ. ಸಮಯವನ್ನು ಅಳೆಯುವ ಯಾವ ತಕ್ಕಡಿಯಲ್ಲೂ ಹೊರಗೆ ಕಳಿಸುವ ಪೋಸ್ಟ್ ಹಗುರವಾಗಿಯೇ ತೂಗುತ್ತದೆ.

ನಾಲ್ಕು ವಾರ, ವಾರಕ್ಕೆರಡು ಪೋಸ್ಟ್, ಎರಡೂ ಸಂಜೆ ಏಳಕ್ಕೆ, ಒಂದೇ ಬಗೆಯ ಫೋಟೊ. ಒಂದರಲ್ಲಿ ಲಿಂಕ್, ಇನ್ನೊಂದರಲ್ಲಿ ಲಿಂಕ್ ಮೊದಲ ಕಮೆಂಟ್‌ನಲ್ಲಿ. ಪೋಸ್ಟ್‌ನಲ್ಲೇ ಲಿಂಕ್ ಇದ್ದವು ಸರಾಸರಿ 430 ಜನರನ್ನು ತಲುಪಿದವು, ಇಲ್ಲದವು 1,050. ನೋಡಿ ಎದೆ ಒಡೆಯಿತು. ಆಮೇಲೆ ಗುರುತು ಹಚ್ಚಿದ ಭೇಟಿಗಳನ್ನು ಎಣಿಸಿದೆ. ಲಿಂಕ್ ಇದ್ದ ನಾಲ್ಕರಿಂದ 61, ಕಮೆಂಟ್‌ನಲ್ಲಿ ಇಟ್ಟ ನಾಲ್ಕರಿಂದ 38. ಕಡಿಮೆ ಜನ ನೋಡಿದರು, ಹೆಚ್ಚು ಜನ ಬಂದರು. ಎಂಟು ಪೋಸ್ಟ್‌ಗಳಿಂದ ಗಟ್ಟಿ ತೀರ್ಮಾನಕ್ಕೆ ಬರಲಾಗದು. ಅದರಲ್ಲೂ ಒಂದು ವಾರ ಶಿವರಾತ್ರಿ ಇತ್ತು. ಆದರೂ ಅಂದಿನಿಂದ ಕೆಲಸ ಹಂಚಿದ್ದೇನೆ: ಹೊಲ, ರಾಶಿ, ಒಗ್ಗರಣೆಯ ವಿಡಿಯೊಗಳಿಗೆ ಲಿಂಕ್ ಇಲ್ಲ, ಅವು ಹೊಸಬರನ್ನು ತಲುಪಲಿ, ಬೆಲೆ ಮತ್ತು ದಾಸ್ತಾನು ತಿಳಿಸುವ ಪೋಸ್ಟ್‌ಗೆ ಲಿಂಕ್ ಒಳಗೇ ಇರುತ್ತದೆ, ಏಕೆಂದರೆ ಅದನ್ನು ಓದುವವರು ಕೊಳ್ಳಲು ಬಂದವರು.

ಪ್ರೊಫೈಲ್ ಲಿಂಕ್‌ಗೆ ನನ್ನ ಅಂಕ ಐದಕ್ಕೆ ನಾಲ್ಕು. ಒಂದು ಕಡಿಮೆ ಏಕೆಂದರೆ, ಒಂದಕ್ಕಿಂತ ಹೆಚ್ಚು ಲಿಂಕ್ ಹಾಕಿದಾಗ ಪ್ರೊಫೈಲ್‌ನಲ್ಲಿ ಮೊದಲನೆಯದು ಮಾತ್ರ ಕಾಣುತ್ತದೆ. ಉಳಿದವು ಪಟ್ಟಿಯಲ್ಲಿ ಅಡಗುತ್ತವೆ, ಗಿರಾಕಿ ಇನ್ನೊಮ್ಮೆ ಒತ್ತಬೇಕು. ಐದಕ್ಕೆ ಅವಕಾಶವಿದ್ದರೂ ಸುಗ್ಗಿಯ ಮೂರು ತಿಂಗಳು ನಾನು ಒಂದೇ ಲಿಂಕ್ ಇಡುತ್ತೇನೆ, ಆರ್ಡರ್ ಪುಟದ್ದು. ಹಪ್ಪಳ, ಶೇಂಗಾ ಚಟ್ನಿಗಳ ಲಿಂಕ್ ಏಪ್ರಿಲ್‌ನಲ್ಲಿ ಸೇರುತ್ತವೆ.